ಓದಿದ್ದು ತಲೆಗೆ ಹತ್ತದಿದ್ದರೆ ತೊಡಕು ಎಲ್ಲಿದೆ?

ಐದನೇ ತರಗತಿಯ ಮೂವರು ಮಕ್ಕಳಿಗೆ ಒಂದೇ ಪಾಠಭಾಗ ಕೊಟ್ಟು, ಓದಿಸಿ, ಹತ್ತು ಪ್ರಶ್ನೆ ಕೇಳಿದ್ದೇವೆ ಎಂದಿಟ್ಟುಕೊಳ್ಳೋಣ. ಮೂವರಿಗೂ ಹತ್ತಕ್ಕೆ ನಾಲ್ಕು ಅಂಕ ಬಂದಿದೆ. ದಾಖಲೆ ಪುಸ್ತಕದಲ್ಲಿ ಮೂವರ ಹೆಸರಿನ ಮುಂದೆಯೂ ‘ಗ್ರಹಿಕೆ ಸಾಲದು’ ಎಂದು ಬರೆದಾಯಿತು. ಮುಂದಿನ ವಾರದಿಂದ ಮೂವರಿಗೂ ಒಂದೇ ಮದ್ದು: ಇನ್ನಷ್ಟು ಓದಿಸುವುದು, ಇನ್ನಷ್ಟು ಪ್ರಶ್ನೆ ಕೇಳುವುದು.

ಆದರೆ ಆ ನಾಲ್ಕು ಅಂಕ ಮೂವರಿಗೂ ಬೇರೆ ಬೇರೆ ಕಾರಣಕ್ಕೆ ಬಂದಿರಬಹುದು. ಮಂಜನಿಗೆ ಒತ್ತಕ್ಷರ ಬಂದಲ್ಲೆಲ್ಲ ನಾಲಿಗೆ ತೊಡರುತ್ತದೆ. ವಾಕ್ಯದ ಕೊನೆ ಮುಟ್ಟುವ ಹೊತ್ತಿಗೆ ಮೊದಲಲ್ಲಿ ಏನಿತ್ತೆಂಬುದೇ ಮರೆತಿರುತ್ತದೆ. ಮನೆಯಲ್ಲಿ ಲಂಬಾಣಿ ಆಡುವ ಶಾಂತಿ ಸರಾಗವಾಗಿ ಓದುತ್ತಾಳೆ, ಆದರೆ ಪುಸ್ತಕದ ಕನ್ನಡದ ಎಷ್ಟೋ ಪದಗಳನ್ನು ಅವಳು ಕೇಳಿಯೇ ಇಲ್ಲ. ಸುಮಾಳಿಗೆ ಅಕ್ಷರವೂ ಗೊತ್ತು, ಪದಗಳೂ ಗೊತ್ತು. ಆದರೆ ಒಂದು ವಾಕ್ಯವನ್ನು ಇನ್ನೊಂದಕ್ಕೆ ಕೂಡಿಸಿ, ಬರೆಯದೆ ಬಿಟ್ಟದ್ದನ್ನು ಊಹಿಸುವುದು ಅವಳಿಗೆ ಆಗುತ್ತಿಲ್ಲ. ಮೂವರೂ ಕಲ್ಪನೆಯ ಮಕ್ಕಳು, ಆದರೆ ಇಂಥವರು ಯಾವ ತರಗತಿಯಲ್ಲಾದರೂ ಸಿಗುತ್ತಾರೆ. ಮಾಮೂಲಿ ಪರೀಕ್ಷೆ ಇವರನ್ನು ಬೇರ್ಪಡಿಸುವುದಿಲ್ಲ. ಬೇರ್ಪಡಿಸುವ ಪರೀಕ್ಷೆಯನ್ನು ಕಟ್ಟಬಹುದು, ಒಬ್ಬ ಶಿಕ್ಷಕಿ ತನ್ನ ಶಾಲೆಯಲ್ಲೇ ಕಟ್ಟಬಹುದು. ಅದರ ಹಿಂದಿರುವ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ತೊಡಕನ್ನು ಬದಲಾಯಿಸಬೇಕು, ಉಳಿದುದನ್ನೆಲ್ಲ ಹಾಗೇ ಇರಿಸಬೇಕು.

ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಒಂದು ಸರಳ ಸೂತ್ರ ಮುಂದಿಟ್ಟರು. ಓದಿ ತಿಳಿಯುವ ಶಕ್ತಿ ಎಂದರೆ ಅಕ್ಷರ ಬಿಡಿಸಿ ಓದುವ ಶಕ್ತಿಯನ್ನು ಕೇಳಿ ತಿಳಿಯುವ ಶಕ್ತಿಯಿಂದ ಗುಣಿಸಿದಷ್ಟು ಎಂದರು ಅವರು. ಇಲ್ಲಿ ಕೂಡಿಸುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಉತ್ತರ ಸೊನ್ನೆ. ನಮ್ಮ ಪರೀಕ್ಷೆಯ ಮೊದಲ ಹೆಜ್ಜೆ ಈ ಸೂತ್ರದಿಂದಲೇ ಹೊರಡುತ್ತದೆ. ಮಗು ಓದಿದ ಪಾಠಭಾಗಕ್ಕೆ ಸರಿಸಮನಾದ ಇನ್ನೊಂದನ್ನು ಶಿಕ್ಷಕಿ ತಾನೇ ಓದಿ ಹೇಳಿ, ಅದೇ ಬಗೆಯ ಹತ್ತು ಪ್ರಶ್ನೆ ಕೇಳಬೇಕು. ಓದಿದಾಗ 4, ಕೇಳಿದಾಗ 9 ಬಂದರೆ ತೊಡಕು ಅಕ್ಷರದ ಕಡೆಗಿದೆ. ಮಂಜನಿಗೆ ಆಗುವುದು ಇದೇ. ಎರಡರಲ್ಲೂ 4 ಬಂದರೆ ಅಕ್ಷರವನ್ನಷ್ಟೇ ದೂರಿ ಫಲವಿಲ್ಲ.

ಹೇಳಲು ಸುಲಭವಾದ ಈ ಹೆಜ್ಜೆಯಲ್ಲಿ ಎಡವಲು ಹಲವು ಜಾಗಗಳಿವೆ. ಎರಡು ಪಾಠಭಾಗಗಳು ನಿಜಕ್ಕೂ ಸಮನಾಗಿವೆಯೇ ಎಂಬುದು ಮೊದಲ ಪ್ರಶ್ನೆ. ವಾಕ್ಯಗಳ ಸಂಖ್ಯೆ, ಉದ್ದ, ವಿಷಯದ ಪರಿಚಯ ಎಲ್ಲವನ್ನೂ ಹೊಂದಿಸಿದ ಮೇಲೂ ಒಂದು ಇನ್ನೊಂದಕ್ಕಿಂತ ಕಷ್ಟವಾಗಿ ಉಳಿಯಬಹುದು. ಅದಕ್ಕೇ ಪ್ರಯೋಗ ಮಾಡಿ ನೋಡುವಾಗ ಅರ್ಧ ಮಕ್ಕಳು ಮೊದಲನೆಯದನ್ನು ಓದಿ ಎರಡನೆಯದನ್ನು ಕೇಳಲಿ, ಇನ್ನರ್ಧ ಮಕ್ಕಳು ಅದನ್ನು ತಿರುವುಮುರುವು ಮಾಡಲಿ. ಎರಡೂ ಗುಂಪಿನವರಿಗೆ ಒಂದೇ ಕಥೆ ಕಷ್ಟವಾದರೆ ಕಥೆಯನ್ನು ತಿದ್ದಬೇಕು. ಇನ್ನೊಂದು ವಿಷಯ, ಓದುವ ಮಗುವಿನ ಮುಂದೆ ಹಾಳೆ ಇರುತ್ತದೆ, ಕೇಳುವ ಮಗುವಿನ ಮುಂದೆ ಏನೂ ಇರುವುದಿಲ್ಲ. ಪ್ರಶ್ನೆ ಕೇಳುವ ಮೊದಲು ಹಾಳೆಯನ್ನು ತೆಗೆದಿರಿಸದಿದ್ದರೆ ನಾವು ಅಳೆಯುವುದು ನೆನಪಿನ ವ್ಯತ್ಯಾಸವನ್ನು.

ಇನ್ನು ಅಕ್ಷರದ ಕಡೆಯನ್ನೇ ಬೇರೆಯಾಗಿ ನೋಡುವುದು ಹೇಗೆ? ಮಗು ‘ಶಾಲೆ’ ಎಂದು ಓದಿದರೆ ಅದು ಅಕ್ಷರ ಕೂಡಿಸಿ ಓದಿತೋ, ಕಂಡು ಅಭ್ಯಾಸವಾದ ಪದವನ್ನು ಗುರುತಿಸಿತೋ ಗೊತ್ತಾಗುವುದಿಲ್ಲ. ಅದಕ್ಕಾಗಿ ಅರ್ಥವೇ ಇಲ್ಲದ ಪದಗಳನ್ನು ಹೊಸೆಯುತ್ತಾರೆ. ನಮಿಗು, ಪೆಸ್ಕಟು, ಗಿರ್ಪುಲೆ, ತೊಳ್ಮಕ. ಇವನ್ನು ಯಾರೂ ಎಲ್ಲೂ ಓದಿಲ್ಲವಾದ್ದರಿಂದ ಅಕ್ಷರ ಬಿಡಿಸದೆ ಓದಲಾಗದು. ಇಂಥ 20 ಪದ ಸಾಕು. ಆದರೆ ಅವನ್ನು ಜೋಡಿಸುವಾಗ ಕನ್ನಡದ ಲಿಪಿ ಎಲ್ಲಿ ಕಷ್ಟವೋ ಅಲ್ಲಿಗೆ ಮೆಟ್ಟಿಲು ಹಾಕಿಕೊಂಡು ಹೋಗಬೇಕು. ಮೊದಲು ಬರಿಯ ಮೂಲಾಕ್ಷರ, ಆಮೇಲೆ ಕಾಗುಣಿತ, ಆಮೇಲೆ ಅದೇ ಅಕ್ಷರದ ಒತ್ತು, ಬೇರೆ ಅಕ್ಷರದ ಒತ್ತು, ಕೊನೆಗೆ ಅರ್ಕಾವೊತ್ತು. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಇದನ್ನೇ: ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಂತೆ ನಮ್ಮ ಅಕ್ಷರಗಳು ಒಂದೆರಡು ವರ್ಷದಲ್ಲಿ ಕೈವಶವಾಗುವುದಿಲ್ಲ. ನೂರಾರು ಅಕ್ಷರರೂಪಗಳ ಕಲಿಕೆ ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ನಡೆಯುತ್ತಲೇ ಇರುತ್ತದೆ. ಹಾಗಾಗಿ ಐದನೇ ತರಗತಿಗೆ ಬಂದ ಮಗುವಿಗೆ ಓದಲು ಬರುತ್ತದೆ ಎಂದು ನಾವೇ ತೀರ್ಮಾನಿಸಿಕೊಂಡು ಈ ಹೆಜ್ಜೆಯನ್ನು ಬಿಡುವುದು ತಪ್ಪು.

ನಮ್ಮ ಲಿಪಿಗೆ ಇನ್ನೊಂದು ಗುಣವಿದೆ. ಬರೆದಂತೆ ಓದುವ ಭಾಷೆಯಾದ್ದರಿಂದ ನಿಧಾನವಾಗಿಯಾದರೂ ತಪ್ಪಿಲ್ಲದೆ ಓದಿಬಿಡುವ ಮಕ್ಕಳು ಬಹಳ. ಬರಿಯ ತಪ್ಪು ಎಣಿಸಿದರೆ ಅವರೆಲ್ಲ ಪಾಸು. ಆದರೆ ಪ್ರತಿ ಪದಕ್ಕೂ ನಿಂತು ನಿಂತು ಓದುವವರಿಗೆ ಅರ್ಥದ ಕಡೆ ಗಮನ ಉಳಿಯುವುದಿಲ್ಲ. ಆದ್ದರಿಂದ ಒಂದು ನಿಮಿಷ ಗಟ್ಟಿಯಾಗಿ ಓದಿಸಿ ವೇಗವನ್ನೂ ಬರೆದುಕೊಳ್ಳಬೇಕು. ವೇಗವನ್ನು ಪದದ ಲೆಕ್ಕದಲ್ಲಿ ಹಿಡಿಯುವುದಕ್ಕಿಂತ ಅಕ್ಷರದ ಲೆಕ್ಕದಲ್ಲಿ ಹಿಡಿಯುವುದು ಮೇಲು ಎಂದು ನನಗನಿಸುತ್ತದೆ. ‘ಹೋಗಬೇಕಾಗಿದ್ದುದರಿಂದ’ ಎಂಬುದೂ ಒಂದು ಪದ, ‘ಅವನು’ ಎಂಬುದೂ ಒಂದು ಪದ. ಎರಡನ್ನೂ ಒಂದೊಂದೇ ಎಂದು ಎಣಿಸಿದರೆ ಮಗುವಿನ ಶ್ರಮ ಲೆಕ್ಕಕ್ಕೆ ಸಿಗುವುದಿಲ್ಲ.

ಉಚ್ಚಾರವನ್ನು ತಪ್ಪೆಂದು ಗೀಟು ಹಾಕುವ ಅಭ್ಯಾಸ ಇಲ್ಲಿ ದೊಡ್ಡ ಅನ್ಯಾಯ ಮಾಡುತ್ತದೆ. ಮಂಡ್ಯದ ಕಡೆಯ ಹುಡುಗ ‘ಹಳ್ಳಿ’ ಎಂದು ಬರೆದದ್ದನ್ನು ‘ಅಳ್ಳಿ’ ಎಂದೂ, ‘ಭತ್ತ’ವನ್ನು ‘ಬತ್ತ’ ಎಂದೂ ಓದಿದರೆ ಅವನು ಅಕ್ಷರವನ್ನು ಸರಿಯಾಗಿಯೇ ಗುರುತಿಸಿದ್ದಾನೆ, ತನ್ನ ಮನೆಯ ಮಾತಿನಲ್ಲಿ ಹೇಳಿದ್ದಾನೆ ಅಷ್ಟೆ. ಅನುಮಾನವಿದ್ದರೆ ‘ಹಾರು’ ಮತ್ತು ‘ಆರು’ ಎರಡನ್ನೂ ಅಕ್ಕಪಕ್ಕ ಬರೆದಿಟ್ಟು, ಹಕ್ಕಿ ಮಾಡುವ ಕೆಲಸ ಯಾವುದು ತೋರಿಸು ಎನ್ನಿ. ಸರಿಯಾದದ್ದಕ್ಕೆ ಬೆರಳಿಟ್ಟರೆ ಓದಿನಲ್ಲಿ ದೋಷವಿಲ್ಲ.

ಈಗ ಶಾಂತಿ ಮತ್ತು ಸುಮಾ ಉಳಿದರು. ಇಬ್ಬರಿಗೂ ಓದಿದಾಗ 4, ಕೇಳಿದಾಗಲೂ 4. ಅರ್ಥವಿಲ್ಲದ ಪದಗಳಲ್ಲಿ ಇಬ್ಬರೂ 20ಕ್ಕೆ 18. ಓದು ಮತ್ತು ಕೇಳ್ಮೆಯನ್ನು ಮಾತ್ರ ಹೋಲಿಸುವ ಪರೀಕ್ಷೆ ಇಲ್ಲಿಗೆ ನಿಂತುಬಿಡುತ್ತದೆ. ಇಬ್ಬರನ್ನು ಬೇರ್ಪಡಿಸಲು ಪದಗಳ ತೊಡಕನ್ನು ಅಕ್ಷರದ ತೊಡಕಿನಿಂದ ಬಿಡಿಸಿಕೊಳ್ಳಬೇಕು, ಆಮೇಲೆ ಊಹೆಯ ತೊಡಕನ್ನು ಪದಗಳಿಂದ ಬಿಡಿಸಿಕೊಳ್ಳಬೇಕು.

ಮೊದಲನೆಯದಕ್ಕೆ ಕನ್ನಡ ತಾನಾಗಿಯೇ ಸಹಾಯ ಮಾಡುತ್ತದೆ. ‘ಬಸ್‌ಸ್ಟ್ಯಾಂಡ್’, ‘ಮಾರ್ಕೆಟ್’, ‘ಕ್ರಿಕೆಟ್’ ಎಂಬ ಪದಗಳನ್ನು ನೋಡಿ. ಅಕ್ಷರ ಕಷ್ಟ, ಅರ್ಥ ಎಲ್ಲರಿಗೂ ಗೊತ್ತು. ‘ಕಳವಳ’, ‘ತಲೆಮಾರು’, ‘ಕಡೆಗಣಿಸು’ ನೋಡಿ. ಎರಡನೇ ತರಗತಿಯ ಮಗುವೂ ಓದಬಲ್ಲ ಅಕ್ಷರಗಳು, ಅರ್ಥ ಮಾತ್ರ ಕೆಲವರಿಗಷ್ಟೇ ಗೊತ್ತು. ಮೊದಲ ಗುಂಪಿನಲ್ಲಿ ಎಡವಿದ ಮಗುವಿನ ತೊಡಕು ಅಕ್ಷರದ್ದು, ಎರಡನೇ ಗುಂಪಿನಲ್ಲಿ ಎಡವಿದ ಮಗುವಿನದು ಪದದ್ದು. ನಮ್ಮ ಪಠ್ಯಪುಸ್ತಕಗಳ ‘ದ್ಯುತಿಸಂಶ್ಲೇಷಣೆ’, ‘ಪ್ರಾಂಗಣ’, ‘ವಿದ್ಯುಚ್ಛಕ್ತಿ’ಯಂಥ ಪದಗಳಲ್ಲಿ ಎರಡೂ ಕಷ್ಟ ಒಟ್ಟಿಗೆ ಕೂತಿರುತ್ತವೆ. ಅವುಗಳಲ್ಲಿ ಮಗು ಸೋತರೆ ಏನೂ ತಿಳಿಯುವುದಿಲ್ಲ. ಎರಡು ಕಷ್ಟ ಬೆರೆತ ಪ್ರಶ್ನೆ ಅಂಕ ಕೊಡಲು ಆದೀತು, ಕಾರಣ ಹೇಳಲು ಆಗದು.

ಪದಜ್ಞಾನವನ್ನು ಬಾಯಿಮಾತಿನಲ್ಲೇ ಕೇಳಬೇಕು. ಬರೆದು ತೋರಿಸಿದರೆ ಅಕ್ಷರದ ತೊಡಕು ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಮಗು ಓದಿದ ಪಾಠಭಾಗದಿಂದಲೇ ಹತ್ತು ಪದ ಆರಿಸಿ, ಗ್ರಹಿಕೆಯ ಪ್ರಶ್ನೆಗಳು ಮುಗಿದ ಮೇಲೆ ಒಂದೊಂದಾಗಿ ಕೇಳಬೇಕು. ಮೊದಲೇ ಕೇಳಿದರೆ ಸುಳಿವು ಕೊಟ್ಟಂತಾಗುತ್ತದೆ. ಉತ್ತರ ಪುಸ್ತಕದ ಭಾಷೆಯಲ್ಲಿ ಇರಬೇಕಾಗಿಲ್ಲ. ಕೈಸನ್ನೆಯಿಂದ ತೋರಿಸಲಿ, ಒಂದು ಸಂದರ್ಭ ಹೇಳಲಿ, ಮನೆಮಾತಿನಲ್ಲಿ ಹೇಳಲಿ, ಎಲ್ಲಕ್ಕೂ ಅಂಕವಿದೆ. ಮನೆಮಾತಿನಲ್ಲಿ ಪದ ಸಿಕ್ಕರೆ ಅದು ಬಹಳ ಮುಖ್ಯವಾದ ಸುದ್ದಿ. ಶಾಂತಿಗೆ ವಸ್ತು ಗೊತ್ತು, ವಿಷಯ ಗೊತ್ತು, ಅದರ ಕನ್ನಡದ ಹೆಸರು ಮಾತ್ರ ಗೊತ್ತಿಲ್ಲ ಎಂದಾಗುತ್ತದೆ. ಅಂಥ ಮಗುವಿಗೆ ಹೆಸರು ಕಲಿಸಿದರೆ ಸಾಕು, ವಿಷಯ ಕಲಿಸಬೇಕಾಗಿಲ್ಲ.

ಗೊತ್ತಿದೆ ಎಂದು ತೋರುವ ಪದಗಳೇ ಕೆಲವೊಮ್ಮೆ ದಾರಿ ತಪ್ಪಿಸುತ್ತವೆ. ‘ಹೊತ್ತು ಮುಳುಗಿತು, ದನಗಳು ಮನೆಗೆ ಬಂದವು’ ಎಂಬ ವಾಕ್ಯವನ್ನು ತಪ್ಪಿಲ್ಲದೆ ಓದಿದ ಮಗು, ಯಾರೋ ಏನನ್ನೋ ಹೊತ್ತುಕೊಂಡು ಹೋಗಿ ನೀರಲ್ಲಿ ಮುಳುಗಿದರು ಎಂದುಕೊಂಡರೆ ಆಶ್ಚರ್ಯವಿಲ್ಲ. ‘ಹೊತ್ತು ಅಂದರೆ ಗೊತ್ತಾ?’ ಎಂದು ಕೇಳಿದರೆ ‘ಗೊತ್ತು’ ಎಂದೇ ಹೇಳುತ್ತದೆ. ಹಾಗಾಗಿ ಪದವನ್ನು ಬಿಡಿಯಾಗಿ ಕೇಳದೆ, ಆ ವಾಕ್ಯವನ್ನೇ ಹೇಳಿ ಅಲ್ಲಿ ಏನಾಯಿತು ಎಂದು ಕೇಳಬೇಕು.

ಪದದ ಪ್ರಶ್ನೆಯಲ್ಲಿ ಶಾಂತಿಗೆ ಹತ್ತಕ್ಕೆ 3, ಸುಮಾಳಿಗೆ 9 ಬಂತು. ಇಷ್ಟಕ್ಕೇ ತೀರ್ಪು ಕೊಡಬಾರದು. ಶಾಂತಿಗೆ ಪದದ ಜೊತೆಗೆ ಊಹೆಯ ತೊಡಕೂ ಇರಬಹುದಲ್ಲ? ಅದಕ್ಕೆ ಮೂರನೆಯ ಪಾಠಭಾಗ ಬೇಕು. ಪದಗಳೆಲ್ಲ ತೀರ ಪರಿಚಿತ, ಅಕ್ಷರಗಳು ಸುಲಭ, ಶಿಕ್ಷಕಿಯೇ ಓದಿ ಹೇಳುತ್ತಾಳೆ, ಹಾಳೆಯೂ ಮಗುವಿನ ಮುಂದಿರುತ್ತದೆ. ಕಷ್ಟವೆಲ್ಲ ಊಹೆಯೊಂದರಲ್ಲೇ ಇರುವಂತೆ ಬರೆದಿರಬೇಕು. ಹೀಗೆ:

‘ಗೌರಿ ಬೆಳಿಗ್ಗೆ ಅಂಗಳದಲ್ಲಿ ರಾಗಿ ಹರವಿದಳು. ಅಜ್ಜಿಗೆ ಹೇಳಿ ಶಾಲೆಗೆ ಹೋದಳು. ಮಧ್ಯಾಹ್ನ ಗುಡುಗು ಕೇಳಿತು. ಗೌರಿ ಕಿಟಕಿಯ ಕಡೆಗೇ ನೋಡುತ್ತಾ ಕೂತಳು. ಮೇಷ್ಟ್ರು ಎರಡು ಸಲ ಕೂಗಿದರೂ ಅವಳಿಗೆ ಕೇಳಿಸಲಿಲ್ಲ. ಸಂಜೆ ಓಡುತ್ತಾ ಮನೆಗೆ ಬಂದಳು. ಅಂಗಳದಲ್ಲಿ ರಾಗಿ ಇರಲಿಲ್ಲ. ಅಜ್ಜಿಯ ಸೀರೆ ಒದ್ದೆಯಾಗಿತ್ತು. ಗೌರಿ ಅಜ್ಜಿಯನ್ನು ತಬ್ಬಿಕೊಂಡಳು.’

ರಾಗಿಯನ್ನು ಎಲ್ಲಿ ಹರವಿದ್ದಳು ಎಂಬ ಪ್ರಶ್ನೆಗೆ ಉತ್ತರ ಮೊದಲ ವಾಕ್ಯದಲ್ಲೇ ಇದೆ. ಮೇಷ್ಟ್ರು ಕೂಗಿದ್ದು ಅವಳಿಗೆ ಏಕೆ ಕೇಳಿಸಲಿಲ್ಲ ಎಂಬುದಕ್ಕೆ ರಾಗಿ, ಗುಡುಗು, ಕಿಟಕಿ ಮೂರನ್ನೂ ಕೂಡಿಸಬೇಕು. ಗೌರಿ ಅಜ್ಜಿಯನ್ನು ತಬ್ಬಿಕೊಂಡದ್ದೇಕೆ ಎಂಬುದಕ್ಕೆ, ಮಳೆಯಲ್ಲಿ ನೆನೆಯುತ್ತಾ ಅಜ್ಜಿ ರಾಗಿ ಒಳಗೆ ತಂದಳು ಎಂಬ, ಕಥೆಯಲ್ಲಿ ಎಲ್ಲೂ ಬರೆಯದ ಘಟನೆಯನ್ನು ಮಗು ತಾನೇ ಕಟ್ಟಿಕೊಳ್ಳಬೇಕು. ಕಥೆಯಲ್ಲಿ ‘ಮಳೆ’ ಎಂಬ ಪದವೇ ಇಲ್ಲ ಎಂಬುದನ್ನು ಗಮನಿಸಿ. ಅದನ್ನು ಬೇಕೆಂದೇ ಬಿಟ್ಟಿದೆ.

ಶಾಂತಿ ಇಂಥ ಹತ್ತು ಪ್ರಶ್ನೆಗಳಲ್ಲಿ 9 ಹೇಳಿದರೆ ಅವಳಿಗೆ ಪದಗಳ ಕೊರತೆ ಬಿಟ್ಟರೆ ಬೇರೆ ತೊಡಕಿಲ್ಲ. ಸುಮಾ ಇಲ್ಲಿಯೂ ನಾಲ್ಕಕ್ಕೇ ನಿಂತಳು, ಆ ನಾಲ್ಕೂ ನೇರ ಪ್ರಶ್ನೆಗಳೇ. ಗೌರಿ ಅಜ್ಜಿಯನ್ನು ಏಕೆ ತಬ್ಬಿಕೊಂಡಳು ಎಂದರೆ ‘ಶಾಲೆಯಿಂದ ಬಂದಳಲ್ಲ, ಅದಕ್ಕೆ’ ಎಂದಳು. ಸಾಮಾನ್ಯ ಪರೀಕ್ಷೆಯಲ್ಲಿ ಇದಕ್ಕೆ ಸೊನ್ನೆ ಹಾಕಿ ಮುಂದೆ ಹೋಗುತ್ತೇವೆ. ಕಾರಣ ಹುಡುಕುವ ಪರೀಕ್ಷೆ ನಿಜವಾಗಿ ಶುರುವಾಗುವುದೇ ಇಲ್ಲಿಂದ. ತಪ್ಪು ಉತ್ತರ ಬಂದ ಕೂಡಲೇ ಆ ಊಹೆಗೆ ಬೇಕಾದ ಬಿಡಿ ಸಂಗತಿಗಳನ್ನು ಒಂದೊಂದಾಗಿ ಕೇಳಬೇಕು. ಅಜ್ಜಿಯ ಸೀರೆ ಹೇಗಿತ್ತು? ‘ಒದ್ದೆ.’ ಮಧ್ಯಾಹ್ನ ಏನು ಕೇಳಿತು? ‘ಗುಡುಗು.’ ಗುಡುಗಿದ ಮೇಲೆ ಸಾಮಾನ್ಯವಾಗಿ ಏನಾಗುತ್ತೆ? ‘ಮಳೆ ಬರುತ್ತೆ.’ ರಾಗಿ ನೆನೆದರೆ? ‘ಕೆಟ್ಟೋಗುತ್ತೆ.’ ಎಲ್ಲ ಸಂಗತಿಯೂ ಅವಳ ಕೈಯಲ್ಲೇ ಇದೆ, ಕೂಡಿಸುವುದೊಂದೇ ಆಗಿಲ್ಲ. ಈ ಬಿಡಿ ಪ್ರಶ್ನೆಗಳು ಮುಗಿಯುತ್ತಲೇ ‘ಓ, ಅಜ್ಜಿ ರಾಗಿ ಎತ್ತಿಟ್ಟಳು!’ ಎಂದು ತಾನಾಗಿ ಹೇಳುವ ಮಕ್ಕಳೂ ಇದ್ದಾರೆ. ಅವರಿಗೆ ಕೂಡಿಸಲು ಬರುತ್ತದೆ, ಕೂಡಿಸಬೇಕೆಂಬುದು ಹೊಳೆದಿರುವುದಿಲ್ಲ. ಓದುವುದೆಂದರೆ ಪದಗಳನ್ನು ಒಂದಾದ ಮೇಲೊಂದು ಹೇಳಿ ಮುಗಿಸುವುದು ಎಂದುಕೊಂಡಿರುತ್ತಾರೆ. ಬಿಡಿ ಸಂಗತಿಯೇ ತಪ್ಪಿದ್ದರೆ, ಉದಾಹರಣೆಗೆ ಅಂಗಳದಲ್ಲಿ ಕಾಳು ಒಣಹಾಕುವುದನ್ನೇ ನೋಡದ ನಗರದ ಮಗುವಾಗಿದ್ದರೆ, ಅದನ್ನು ತರ್ಕದ ಕೊರತೆ ಎಂದು ಬರೆಯುವಂತಿಲ್ಲ. ಆ ಮಗುವಿಗೆ ಕೊರತೆ ಇರುವುದು ಲೋಕದ ಪರಿಚಯದಲ್ಲಿ.

ಈ ಕೊನೆಯ ಗೊಂದಲವನ್ನು ಬ್ರಿಟನ್ನಿನ ಕೇಟ್ ಕೇನ್, ಜೇನ್ ಓಖಿಲ್ ಮತ್ತು ಅವರ ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಹಳ ಅಚ್ಚುಕಟ್ಟಾಗಿ ಬಿಡಿಸಿದರು. ಮಕ್ಕಳಿಗೆ ಗ್ಯಾನ್ ಎಂಬ ಕಲ್ಪಿತ ಗ್ರಹದ ಸಂಗತಿಗಳನ್ನು ಮೊದಲು ಕಲಿಸಿದರು. ಅಲ್ಲಿನ ಕರಡಿಗಳಿಗೆ ನೀಲಿ ಕೂದಲು, ಅಲ್ಲಿನ ಹೂಗಳು ಬೆಂಕಿಯಂತೆ ಬಿಸಿ, ಹೀಗೆ. ಎಲ್ಲರಿಗೂ ಅದು ಬಾಯಿಗೆ ಬಂದ ಮೇಲೆ ಆ ಗ್ರಹದಲ್ಲಿ ನಡೆಯುವ ಕಥೆ ಹೇಳಿ, ಕಲಿಸಿದ ಸಂಗತಿಯನ್ನು ಕಥೆಗೆ ಕೂಡಿಸಿದರಷ್ಟೇ ಉತ್ತರ ಸಿಗುವ ಪ್ರಶ್ನೆ ಕೇಳಿದರು. ಯಾವ ಮನೆಯಿಂದ ಬಂದ ಮಗುವಿಗೂ ಮುಂಚಿತ ಪರಿಚಯದ ಲಾಭ ಇರಲಿಲ್ಲ. ಹಾಗಿದ್ದೂ ಗ್ರಹಿಕೆಯಲ್ಲಿ ಹಿಂದುಳಿದ ಮಕ್ಕಳು ಊಹೆಯ ಪ್ರಶ್ನೆಗಳಲ್ಲಿ ಹಿಂದೆಯೇ ಉಳಿದರು. ಗೊತ್ತಿರುವುದು ಬೇರೆ, ಗೊತ್ತಿರುವುದನ್ನು ಓದುವಾಗ ಬಳಸುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ.

ಪ್ರಶ್ನೆಗಳನ್ನು ಬರೆದ ಮೇಲೆ ಒಂದು ತಪಾಸಣೆಯನ್ನು ಖಂಡಿತ ಮಾಡಬೇಕು. ಕಥೆಯನ್ನು ಓದದ, ಕೇಳದ ಮಕ್ಕಳಿಗೆ ಬರಿಯ ಪ್ರಶ್ನೆಗಳನ್ನು ಕೊಡಿ. ‘ಬರಗಾಲದ ಮೇಲೆ ಮಳೆ ಬಂದಾಗ ರೈತನಿಗೆ ಏನನ್ನಿಸಿತು?’ ಎಂಬುದಕ್ಕೆ ಕಥೆಯೇ ಬೇಕಿಲ್ಲ. ಅಮೆರಿಕದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಗ್ರೇ ಓದಿನ ಪರೀಕ್ಷೆಯನ್ನು ಕೀನನ್ ಮತ್ತು ಬೆಟ್ಜೆಮನ್ 2006ರಲ್ಲಿ ಹೀಗೇ ಒರೆಗೆ ಹಚ್ಚಿದಾಗ, ಪಾಠಭಾಗ ಓದದೆಯೇ ಅದರ ಹೆಚ್ಚಿನ ಪ್ರಶ್ನೆಗಳಿಗೆ ಸರಿಯುತ್ತರ ಊಹಿಸಬಹುದೆಂದು ಕಂಡಿತು. ಅಂಥ ಪ್ರಶ್ನೆಗಳಲ್ಲಿ ಚೆನ್ನಾಗಿ ಅಂಕ ಪಡೆದ ಮಗುವಿನ ಓದಿನ ತೊಡಕು ಯಾರ ಕಣ್ಣಿಗೂ ಬೀಳುವುದಿಲ್ಲ. ಆಯ್ಕೆಯ ಉತ್ತರಗಳನ್ನು ಕೊಡುವುದೂ ಇಲ್ಲಿ ಒಳ್ಳೆಯದಲ್ಲ. ನಾಲ್ಕು ಆಯ್ಕೆ ಇದ್ದರೆ ಕಣ್ಣು ಮುಚ್ಚಿ ಗುರುತು ಹಾಕಿದವರಿಗೂ ಸರಾಸರಿ ಕಾಲು ಭಾಗ ಅಂಕ ಸಿಗುತ್ತದೆ.

ಅಂಕಗಳ ವ್ಯತ್ಯಾಸವನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಇಂಥ ಪ್ರಶ್ನೆಗಳಲ್ಲಿ ಅರ್ಧದಷ್ಟಕ್ಕೆ ಉತ್ತರಿಸಬಲ್ಲ ಮಗುವನ್ನು ಹತ್ತು ಪ್ರಶ್ನೆ ಕೇಳಿದರೆ, ಇವತ್ತು 5 ಬಂದದ್ದು ನಾಳೆ ಬೇರೆ ಹತ್ತು ಪ್ರಶ್ನೆಗೆ 3 ಆಗಬಹುದು, 7 ಆಗಬಹುದು. ಮಗು ಬದಲಾಗಿಲ್ಲ, ಪ್ರಶ್ನೆಗಳ ಅದೃಷ್ಟ ಬದಲಾಗಿದೆ. ಎರಡು ಅಂಕಗಳನ್ನು ಕಳೆಯುವಾಗ ಈ ಅಲುಗಾಟ ಇನ್ನೂ ಹೆಚ್ಚುತ್ತದೆ. ಹಾಗಾಗಿ ಓದಿದಾಗ 5, ಕೇಳಿದಾಗ 7 ಬಂದರೆ ಅದನ್ನು ವ್ಯತ್ಯಾಸವೆಂದೇ ಗಣಿಸಬಾರದು. ನಾಲ್ಕೈದು ಅಂಕದ ಅಂತರ ಕಂಡರೆ ಗಮನ ಕೊಡಬೇಕು, ಇನ್ನೊಂದು ದಿನ ಇನ್ನೊಂದು ಜೋಡಿ ಪಾಠಭಾಗದಿಂದ ಅದು ಮತ್ತೆ ಕಂಡರೆ ನಂಬಬೇಕು.

ಎಲ್ಲ ಮಕ್ಕಳೂ ಮಂಜ, ಶಾಂತಿ, ಸುಮಾರಂತೆ ಒಂದೊಂದೇ ತೊಡಕಿನವರಾಗಿರುವುದಿಲ್ಲ. ಓದಲು ತಿಣುಕುವ ಮಗು ಕಡಿಮೆ ಓದುತ್ತದೆ, ಕಡಿಮೆ ಓದುವುದರಿಂದ ಹೊಸ ಪದಗಳು ಸಿಗುವುದಿಲ್ಲ, ಎರಡು ವರ್ಷದಲ್ಲಿ ಒಂದರ ಜಾಗದಲ್ಲಿ ಎರಡು ತೊಡಕು ಬೆಳೆದಿರುತ್ತವೆ. ಹಾಗಿರುವಾಗ ಒಂದೇ ಕಾರಣ ಹುಡುಕುವ ಹಟ ಬೇಡ. ಎರಡನ್ನೂ ಬರೆದುಕೊಂಡು ಅಕ್ಷರದಿಂದ ಶುರುಮಾಡಿ, ಪದಗಳನ್ನು ಬಾಯಿಮಾತಿನ ಕಥೆಗಳಲ್ಲಿ ಜೊತೆಜೊತೆಗೇ ಕೊಡುತ್ತಾ ಹೋಗಬೇಕು. ಇಷ್ಟೆಲ್ಲಕ್ಕೂ ಮೊದಲು ಮಗುವಿಗೆ ಕಣ್ಣು ಸರಿಯಾಗಿ ಕಾಣುತ್ತದೆಯೇ, ಕಿವಿ ಸರಿಯಾಗಿ ಕೇಳುತ್ತದೆಯೇ ಎಂದು ನೋಡಿರಲೇಬೇಕು. ಹಲಗೆಯ ಅಕ್ಷರ ಕಾಣದ ಮಗುವಿಗೆ ಈ ಯಾವ ಪರೀಕ್ಷೆಯೂ ನ್ಯಾಯ ಮಾಡುವುದಿಲ್ಲ.

ಪರೀಕ್ಷೆ ಸರಿಯಾಗಿತ್ತೇ ಎಂಬುದು ಪಾಠ ಮಾಡಿದ ಮೇಲೆ ತಿಳಿಯುತ್ತದೆ. ಮಂಜನಿಗೆ ಎಂಟು ವಾರ ಒತ್ತಕ್ಷರದ ಓದು ಮಾಡಿಸಿ, ಹೊಸ ಪಾಠಭಾಗ ಕೊಟ್ಟಾಗ ಓದಿನ ಅಂಕ ಕೇಳ್ಮೆಯ ಅಂಕದ ಹತ್ತಿರಕ್ಕೆ ಬಂದಿದ್ದರೆ ನಮ್ಮ ತೀರ್ಮಾನ ಸರಿ. ವೇಗ ಹೆಚ್ಚಿಯೂ ಗ್ರಹಿಕೆ ಏರದಿದ್ದರೆ ತೀರ್ಮಾನವನ್ನು ಬದಲಿಸಬೇಕು, ಮಗುವನ್ನು ದೂರಬಾರದು.

ಒಂದು ಮಗುವಿಗೆ ಇಷ್ಟನ್ನೂ ಮಾಡಲು ಅರ್ಧ ಗಂಟೆಗೆ ಕಡಿಮೆಯಿಲ್ಲದ ಸಮಯ ಬೇಕು, ಅದೂ ಒಬ್ಬೊಬ್ಬರನ್ನೇ ಕೂರಿಸಿಕೊಂಡು. ನಲವತ್ತು ಮಕ್ಕಳ ತರಗತಿಯಲ್ಲಿ ಎಲ್ಲರಿಗೂ ಇದು ಆಗುವ ಮಾತಲ್ಲ, ಎಲ್ಲರಿಗೂ ಬೇಕಾಗಿಯೂ ಇಲ್ಲ. ಮಾಮೂಲಿ ಪರೀಕ್ಷೆಯಲ್ಲಿ ಹಿಂದೆ ಬಿದ್ದವರಿಗೆ ಮಾತ್ರ ಮಾಡಿದರೆ ಸಾಕು. ಅಷ್ಟಕ್ಕೂ ಬಿಡುವಿಲ್ಲದ ಶಿಕ್ಷಕರಲ್ಲಿ ನನ್ನದೊಂದೇ ವಿನಂತಿ. ಯಾವ ಮಗುವಿನ ಹೆಸರಿನ ಮುಂದೆಯೂ ‘ಗ್ರಹಿಕೆ ಸಾಲದು’ ಎಂದು ಬರೆಯುವ ಮೊದಲು, ಅದು ಓದಿದ್ದಕ್ಕೆ ಸರಿಸಮನಾದ ಇನ್ನೊಂದು ಪಾಠಭಾಗವನ್ನು ನೀವೇ ನಿಧಾನವಾಗಿ ಎರಡು ಸಲ ಓದಿ ಹೇಳಿ, ಅದೇ ಬಗೆಯ ಪ್ರಶ್ನೆಗಳನ್ನು ಕೇಳಿ ನೋಡಿ.